ದೀಪಾವಳಿ ಉಡುಗೊರೆಯ ಕೆಲಸ ಗಣೇಶನ ಹಬ್ಬಕ್ಕೇ ಶುರು

ಬೆಂಗಳೂರಿನ ಕಚೇರಿಗಳಲ್ಲಿ ದೀಪಾವಳಿ ಉಡುಗೊರೆ ಅಂದರೆ ಬಹಳ ಕಾಲ ಸಿಹಿತಿಂಡಿಯ ಪೊಟ್ಟಣ, ಇಲ್ಲವೇ ಗೋಡಂಬಿ-ದ್ರಾಕ್ಷಿಯ ಡಬ್ಬಿ. ಈಗ ಎಚ್‌ಆರ್ ವಿಭಾಗದವರು ಮನೆಯಲ್ಲಿ ಉಳಿಯುವಂಥದ್ದನ್ನು ಕೊಡೋಣ ಎಂದು ಕೈಕಸುಬಿನ ವಸ್ತುಗಳನ್ನೂ ಹುಡುಕುತ್ತಾರೆ. ಹಾಗೆ ಹುಡುಕಿದಾಗ ಮೊದಲು ನೆನಪಾಗುವುದು ಅರವತ್ತು ಕಿಲೋಮೀಟರ್ ದೂರದ ಚನ್ನಪಟ್ಟಣ. ಅರಗಿನ ಬಣ್ಣದ ಮರದ ಗೊಂಬೆಗೆ ಹೆಸರಾದ ಈ ಊರಿನಲ್ಲಿ ದೀಪದ ಸ್ಟ್ಯಾಂಡು, ಕುಂಕುಮದ ಭರಣಿ, ಬಳೆ, ಪೆನ್ನಿನ ಸ್ಟ್ಯಾಂಡು ಎಲ್ಲವೂ ಲೇತ್ ಮೇಲೆ ಹುಟ್ಟುತ್ತವೆ. ಭೌಗೋಳಿಕ ಸೂಚಕದ ಮಾನ್ಯತೆಯೂ ಈ ಕಸುಬಿಗಿದೆ.

ಆದರೆ ಮಿಠಾಯಿ ಅಂಗಡಿಗೆ ಆರ್ಡರ್ ಕೊಟ್ಟ ಹಾಗೆ ಇಲ್ಲಿ ಕೊಡಲು ಬರುವುದಿಲ್ಲ. ಹಬ್ಬದ ಹಿಂದಿನ ವಾರ ಫೋನ್ ಮಾಡಿ "ಮುನ್ನೂರು ಪೀಸ್ ಬೇಕಿತ್ತು, ನಮ್ಮ ಲೋಗೊ ಹಾಕಿಸಿ" ಅಂದರೆ ಸಿಗುವುದು ಒಂದೋ ಇಲ್ಲ ಎನ್ನುವ ಉತ್ತರ, ಇಲ್ಲವೇ ಯಾರದೋ ಗೋಡೌನಿನಲ್ಲಿ ಉಳಿದ ಪೇಂಟ್ ಬಳಿದ ಮಾಲು. ತಡವಾದ ಆರ್ಡರುಗಳ ಕಥೆ ಕೇಳುತ್ತ ಹೋದರೆ ಒಂದು ಸಂಗತಿ ಮತ್ತೆ ಮತ್ತೆ ಕಾಣುತ್ತದೆ. ಲೇತ್ ಮೇಲೆ ಹೋಗುವ ದಿನಗಳು ಮೊದಲೇ ಗೊತ್ತಿರುತ್ತವೆ, ಹೆಚ್ಚುಕಮ್ಮಿ ಲೆಕ್ಕದಂತೆಯೇ ಮುಗಿಯುತ್ತವೆ. ಲೆಕ್ಕ ತಪ್ಪುವುದು ಒಪ್ಪಿಗೆಗೆ ಕಾಯುವ ದಿನಗಳಲ್ಲಿ. ಸ್ಯಾಂಪಲ್ ಯಾರ ಮೇಜಿನ ಮೇಲೋ ಕೂತಿರುತ್ತದೆ, ಲೋಗೊ ಫೈಲು ಬಂದಿರುವುದಿಲ್ಲ, ಪಿಒ ಫೈನಾನ್ಸ್ ವಿಭಾಗದಿಂದ ಹೊರಬಿದ್ದಿರುವುದಿಲ್ಲ.

ಒಂದು ಆರ್ಡರನ್ನು ಮೊದಲಿನಿಂದ ಕೊನೆಯವರೆಗೆ ನಡೆಸಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. 300 ನೌಕರರಿರುವ ಬೆಂಗಳೂರಿನ ಒಂದು ಕಚೇರಿ ಎಂದುಕೊಳ್ಳೋಣ. ತಲಾ ಒಂದು ಡಬ್ಬಿ. ಅದರಲ್ಲಿ ಎರಡು ದೀಪದ ಸ್ಟ್ಯಾಂಡು, ಒಂದು ಕುಂಕುಮದ ಭರಣಿ, ಜೊತೆಗೆ ಕನ್ನಡದಲ್ಲಿ ಅಚ್ಚಾದ ಶುಭಾಶಯದ ಕಾರ್ಡು. ಡಬ್ಬಿಯ ಮೇಲೂ ಭರಣಿಯ ಮೇಲೂ ಕಂಪನಿಯ ಲೋಗೊ.

ಹಬ್ಬದಿಂದ ಹಿಂದಕ್ಕೆ ಎಣಿಸಬೇಕು

2026ರಲ್ಲಿ ನರಕ ಚತುರ್ದಶಿ ನವೆಂಬರ್ 8, ಭಾನುವಾರ. ಊರಿಗೆ ಹೋಗುವವರು ಶುಕ್ರವಾರ ಸಂಜೆಯೇ ಬಸ್ಸು ಹತ್ತುತ್ತಾರೆ. ಹಾಗಾಗಿ ಡಬ್ಬಿ ಎಲ್ಲರ ಕೈ ಸೇರಬೇಕಾದ ಕೊನೆಯ ದಿನ ನವೆಂಬರ್ 6. ಎಣಿಸಲು, ಒಡೆದದ್ದನ್ನು ಬದಲಿಸಲು, ವಿಭಾಗವಾರು ಹಂಚಲು ಎರಡು-ಮೂರು ದಿನ ಬೇಕು. ಅಂದರೆ ಮಾಲು ಕಚೇರಿಗೆ ಬರಬೇಕಾದದ್ದು ನವೆಂಬರ್ 3ರ ಮಂಗಳವಾರ. ನವೆಂಬರ್ 1 ರಾಜ್ಯೋತ್ಸವ, ಅಂದು ಭಾನುವಾರವೂ ಹೌದು. ಚನ್ನಪಟ್ಟಣದಿಂದ ಗಾಡಿ ಹೊರಡುವುದು 2ರ ಸೋಮವಾರವೇ.

ಅಲ್ಲಿಂದ ಇನ್ನೂ ಹಿಂದಕ್ಕೆ ಹೋಗೋಣ. ಮುನ್ನೂರು ಡಬ್ಬಿಗಳಿಗೆ ಮಾಲು ಜೋಡಿಸಿ ಪ್ಯಾಕ್ ಮಾಡಲು ನಾಲ್ಕು ದಿನ, ಅಕ್ಟೋಬರ್ 28ರಿಂದ 31. ಭರಣಿಯ ಮೇಲೆ ಲೋಗೊ ಕೊರೆಸಿ, ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿ ದೋಷವಿದ್ದದ್ದನ್ನು ಬೇರೆ ಮಾಡಲು ಮೂರು ದಿನ, 24ರಿಂದ 27ರವರೆಗೆ, ನಡುವೆ ಒಂದು ಭಾನುವಾರ. ಇನ್ನು ಲೇತ್ ಕೆಲಸ. ಡಬ್ಬಿಗೆ ಮೂರು ವಸ್ತುವಿನಂತೆ 900 ಆಗುತ್ತದೆ. ಬಿರುಕು, ಬಣ್ಣದ ತೊಂದರೆ, ಸಾಗಣೆಯಲ್ಲಿ ಒಡೆಯುವುದು ಇವಕ್ಕೆಂದು ನೂರಕ್ಕೆ ಐದು ಹೆಚ್ಚು ಮಾಡಿದರೆ 945. ಮೂರು ಲೇತ್‌ಗಳಲ್ಲಿ ಒಂದೊಂದರಿಂದ ದಿನಕ್ಕೆ 35 ಬರುತ್ತದೆ ಎಂದಿಟ್ಟುಕೊಂಡರೆ ಒಂಬತ್ತು ದಿನದ ಕೆಲಸ. ಆದರೆ ಈ ಒಂಬತ್ತು ದಿನದ ನಡುವೆಯೇ, ಅಕ್ಟೋಬರ್ 20ರ ಆಸುಪಾಸಿನಲ್ಲಿ, ಆಯುಧಪೂಜೆ ಮತ್ತು ವಿಜಯದಶಮಿ ಬರುತ್ತವೆ. ಲೇತ್, ಪ್ರಿಂಟಿಂಗ್ ಮೆಷಿನ್ನು, ಡಬ್ಬಿ ಕತ್ತರಿಸುವ ಯಂತ್ರ, ಮಾಲು ಸಾಗಿಸುವ ಗಾಡಿ ಎಲ್ಲಕ್ಕೂ ಪೂಜೆ, ಎಲ್ಲಕ್ಕೂ ವಿಶ್ರಾಂತಿ. ಈ ಎರಡು ದಿನವನ್ನೂ ಒಂದು ಭಾನುವಾರವನ್ನೂ ಬಿಟ್ಟರೆ ಅಕ್ಟೋಬರ್ 23ಕ್ಕೆ ಮುಗಿಯಬೇಕಾದ ಕೆಲಸ ಅಕ್ಟೋಬರ್ 12ರ ಸೋಮವಾರ ಶುರುವಾಗಲೇಬೇಕು.

ಅಂದರೆ ಪಿಒ ಮತ್ತು ಅಡ್ವಾನ್ಸ್ ಅಕ್ಟೋಬರ್ 9ರೊಳಗೆ ಬಂದಿರಬೇಕು. ಅದಕ್ಕೂ ಮೊದಲು ಲೋಗೊ ಹಾಕಿದ ಸ್ಯಾಂಪಲ್ಲಿಗೆ ಒಪ್ಪಿಗೆ ಸಿಕ್ಕಿರಬೇಕು. ಸ್ಯಾಂಪಲ್ ಮಾಡಲು ಒಂದು ವಾರ, ಕಚೇರಿಯಲ್ಲಿ ಅದನ್ನು ನೋಡಿ ಮಾತಾಡಿ ತೀರ್ಮಾನಿಸಲು ಇನ್ನೊಂದು ವಾರ. ಆ ವರ್ಷ ಗಣೇಶ ಚತುರ್ಥಿ ಸೆಪ್ಟೆಂಬರ್ 14. ಗಣಪತಿ ಬಿಡುವ ಹೊತ್ತಿಗೆ ಸ್ಯಾಂಪಲ್ ಮಾಡಲು ಹೇಳಿರದಿದ್ದರೆ ಮುಂದಿನ ಯಾವ ತಾರೀಖೂ ಕೂಡುವುದಿಲ್ಲ. ಈ ಲೆಕ್ಕದಲ್ಲಿ ಮಳೆಗೆ, ಕರೆಂಟು ಹೋಗುವುದಕ್ಕೆ, ಯಾರಿಗಾದರೂ ಜ್ವರ ಬರುವುದಕ್ಕೆ ಒಂದು ದಿನವನ್ನೂ ಇಟ್ಟಿಲ್ಲ. ಅನುಭವವಿರುವ ಅಡ್ಮಿನ್‌ಗಳು ಆಗಸ್ಟ್ ಕೊನೆಯ ವಾರದಲ್ಲೇ ವಿಚಾರಣೆ ಆರಂಭಿಸುವುದು ಇದೇ ಕಾರಣಕ್ಕೆ.

ಈ ಸರಪಳಿಯಲ್ಲಿ ಕಸುಬುದಾರರ ದಿನಗಳನ್ನು ಕುಗ್ಗಿಸಲು ಹೋದರೆ ಮಾಲು ಕೆಡುತ್ತದೆ. ಲೇತ್ ತಿರುಗುವಾಗ ಬಣ್ಣದ ಅರಗಿನ ಕಡ್ಡಿಯನ್ನು ಮರಕ್ಕೆ ಒತ್ತಿ ಹಿಡಿಯುತ್ತಾರೆ, ಆ ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಆಮೇಲೆ ಒಣಗರಿಯನ್ನು ಒತ್ತಿ ಹಿಡಿದು ಹೊಳಪು ಬರಿಸುತ್ತಾರೆ. ಅವಸರ ಮಾಡಿದರೆ ಅರಗಿನ ಪದರ ಒಂದೆಡೆ ದಪ್ಪ, ಒಂದೆಡೆ ತೆಳು. ಇದಕ್ಕೆ ಬಳಸುವ ಆಲೆಮರ ತಿಂಗಳುಗಟ್ಟಲೆ ಒಣಗಿರಬೇಕು. ಹಸಿಮರದಲ್ಲಿ ಮಾಡಿದ ಭರಣಿ ಎಸಿ ಕೋಣೆಯಲ್ಲಿ ನಾಲ್ಕು ದಿನ ಇದ್ದರೆ ಸೀಳುಬಿಡುತ್ತದೆ. ಕುಗ್ಗಿಸಲು ಬರುವುದು ಕಚೇರಿಯ ದಿನಗಳನ್ನು ಮಾತ್ರ.

ಸ್ಯಾಂಪಲ್ಲೇ ಒಪ್ಪಂದ

ಕಚೇರಿಯವರು ಸ್ಯಾಂಪಲ್ ಅನ್ನುವಾಗ ಮನಸ್ಸಿನಲ್ಲಿ ಒಂದೇ ವಸ್ತು ಇರುತ್ತದೆ. ಕೆಲಸದಲ್ಲಿ ಅದು ಎರಡು ಹಂತ. ಮೊದಲನೆಯದು ಅಂಗಡಿಯಲ್ಲಿ ಸಿದ್ಧವಿರುವ ಮಾಲು: ಲೋಗೊ ಇಲ್ಲ, ಬಣ್ಣ ಬೇರೆ ಇರಬಹುದು. ಅಳತೆ, ತೂಕ, ನಯ ನೋಡಿ ಇದು ಬೇಕೋ ಬೇಡವೋ ಎಂದು ನಿರ್ಧರಿಸಲು ಅಷ್ಟು ಸಾಕು. ಎರಡನೆಯದು ಆರ್ಡರಿನದೇ ಬಣ್ಣ, ಆರ್ಡರಿನದೇ ಲೋಗೊ, ಆರ್ಡರಿನದೇ ಡಬ್ಬಿಯೊಳಗೆ ಪೂರ್ತಿ ಸಿದ್ಧವಾಗಿ ಬರುವ ಮಾದರಿ. ಮುನ್ನೂರೂ ಇದರಂತೆಯೇ ಇರಬೇಕು ಎಂದು ಎರಡೂ ಕಡೆಯವರು ಒಪ್ಪುವುದು ಈ ಎರಡನೆಯದನ್ನು. ಇದನ್ನು ಮಾಡಿಸಲು ದುಡ್ಡು ಕೇಳುವುದು ನ್ಯಾಯವೇ. ಆರ್ಡರ್ ಬಂದರೆ ಆ ಮೊತ್ತವನ್ನು ಬಿಲ್ಲಿನಲ್ಲಿ ಕಳೆಯುವುದು ರೂಢಿ.

ಮೊದಲನೆಯದನ್ನು ನೋಡಿ "ಚೆನ್ನಾಗಿದೆ, ಮುಂದುವರಿಸಿ" ಎಂದು ವಾಟ್ಸ್ಆ್ಯಪ್ ಕಳಿಸಿ, ಎರಡನೆಯದನ್ನು ಬಿಟ್ಟುಬಿಡುವುದೇ ಬಹುಪಾಲು ಜಗಳಗಳ ಮೂಲ. ಫೋನಿನ ಪರದೆಯಲ್ಲಿ ಕಂಡ ನೀಲಿಗೂ ಮರದ ಮೇಲಿನ ಅರಗಿನ ನೀಲಿಗೂ ವ್ಯತ್ಯಾಸ ಇದ್ದೇ ಇರುತ್ತದೆ. ಕಂಪನಿಯ ಬ್ರ್ಯಾಂಡ್ ಬಣ್ಣಕ್ಕೆ ಕೂದಲೆಳೆಯಷ್ಟೂ ತಪ್ಪದ ಹಾಗೆ ಅರಗನ್ನು ಹೊಂದಿಸಲು ಆಗುವುದಿಲ್ಲ. ಅರಗಿಗೆ ಬಣ್ಣ ಬೆರೆಸಿ ಎಳೆದು ಕಡ್ಡಿ ಮಾಡುವುದು ಕೈಯಿಂದ, ಒಂದು ಬಾರಿ ಮಾಡಿದ್ದಕ್ಕೂ ಮತ್ತೊಂದು ಬಾರಿ ಮಾಡಿದ್ದಕ್ಕೂ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ. ಇದಕ್ಕೆ ಒಳ್ಳೆಯ ಉಪಾಯವೆಂದರೆ ಒಪ್ಪಿದ ಮಾದರಿಯ ಜೊತೆಗೆ ಇನ್ನೆರಡನ್ನು ಇಟ್ಟುಕೊಳ್ಳುವುದು: ಒಪ್ಪಬಹುದಾದ ಅತಿ ತಿಳಿಯಾದದ್ದು ಒಂದು, ಅತಿ ಗಾಢವಾದದ್ದು ಒಂದು. ಈ ಎರಡರ ನಡುವೆ ಬಂದದ್ದೆಲ್ಲ ಸರಿ, ಆಚೆಗೆ ಹೋದದ್ದು ವಾಪಸ್. ಮಾತು ಇಷ್ಟು ಸ್ಪಷ್ಟವಾದರೆ ನವೆಂಬರ್ 3ರಂದು ಕಚೇರಿಯ ರಿಸೆಪ್ಷನ್ನಿನಲ್ಲಿ ನಿಂತು ಬಣ್ಣದ ಬಗ್ಗೆ ವಾದಿಸುವ ಪ್ರಮೇಯ ಬರುವುದಿಲ್ಲ.

ಸ್ಯಾಂಪಲ್ ಬಂದಾಗ ನೋಡಬೇಕಾದ್ದು ಅಂದವನ್ನಷ್ಟೇ ಅಲ್ಲ. ಒದ್ದೆ ಮಾಡಿ ಹಿಂಡಿದ ಬಿಳಿ ಬಟ್ಟೆಯಿಂದ ತಿಕ್ಕಿದಾಗ ಬಣ್ಣ ಬಟ್ಟೆಗೆ ಬರಬಾರದು. ಭರಣಿಯ ಮುಚ್ಚಳ ಕೂರುವುದನ್ನು ಗಮನಿಸಬೇಕು. ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬಿ ಮುಚ್ಚಳ ಬಿಗಿಯುತ್ತದೆ, ಒಣಹವೆಯಲ್ಲಿ ಸಡಿಲವಾಗುತ್ತದೆ. ಆದ್ದರಿಂದ ಸೆಪ್ಟೆಂಬರ್‌ನ ಸ್ಯಾಂಪಲ್ಲಿನಲ್ಲಿ ಮುಚ್ಚಳ ಈಗಾಗಲೇ ತಿರುಗಿಸಿ ಎಳೆಯುವಷ್ಟು ಬಿಗಿ ಇದ್ದರೆ ಸ್ವಲ್ಪ ಸಡಿಲ ಮಾಡಿಸುವುದು ಒಳ್ಳೆಯದು. ದೀಪದ ಸ್ಟ್ಯಾಂಡಿನಲ್ಲಿ ಬತ್ತಿ ಉರಿಯುವ ಜಾಗಕ್ಕೆ ಲೋಹದ ಬಟ್ಟಲು ಇರಲೇಬೇಕು. ಬಿಸಿ ತಾಗಿದರೆ ಅರಗು ಮೆತ್ತಗಾಗುತ್ತದೆ. ಒಂದು ದೀಪವನ್ನು ಪೂರ್ತಿ ಉರಿಸಿ, ಆರಿದ ಕೂಡಲೇ ಬಟ್ಟಲಿನ ಸುತ್ತ ಬೆರಳಿಟ್ಟು ನೋಡಿ. ಅಂಟಂಟು ಎನಿಸಿದರೆ ಆ ವಿನ್ಯಾಸ ಉಡುಗೊರೆಗೆ ತಕ್ಕದ್ದಲ್ಲ. ಕೊನೆಗೆ ಎಲ್ಲವನ್ನೂ ಡಬ್ಬಿಯಲ್ಲಿಟ್ಟು ಮೇಜಿನ ಎತ್ತರದಿಂದ ಕೆಳಕ್ಕೆ ಬೀಳಿಸಿ. ಗಾಡಿಯಲ್ಲಿ ಆಗುವುದು ಅದೇ.

ಒಪ್ಪಿಗೆಯಾದ ಮೇಲೆ ಒಂದೇ ರೀತಿಯ ಎರಡು ಮಾದರಿಗಳ ತಳದಲ್ಲಿ ತಾರೀಖು ಬರೆದು ಸಹಿ ಹಾಕಿ, ಒಂದು ಕಚೇರಿಯಲ್ಲಿ, ಒಂದು ಲೇತ್ ಇರುವ ಶೆಡ್ಡಿನಲ್ಲಿ ಇರಬೇಕು. ಒಪ್ಪಿಗೆ ಕೊಡುವ ಒಬ್ಬರ ಹೆಸರನ್ನೂ ಮೊದಲೇ ಗೊತ್ತು ಮಾಡಿಕೊಂಡಿರಬೇಕು. ಎಚ್‌ಆರ್ ಹೂಂ ಅಂದ ಮೇಲೆ ಮಾರ್ಕೆಟಿಂಗ್‌ನವರು ಬಂದು ಲೋಗೊ ಚಿಕ್ಕದಾಯಿತು ಎನ್ನುವುದು ಪ್ರತಿವರ್ಷ ನಡೆಯುವ ಸಂಗತಿ. ಹಾಗೆ ಕಳೆಯುವ ಒಂದು ವಾರ ಲೇತ್‌ನ ಒಂಬತ್ತು ದಿನದಿಂದಲೇ ಕಡಿತವಾಗುತ್ತದೆ.

ಲೋಗೊ ಎಲ್ಲಿರಬೇಕು

ಲೋಗೊವನ್ನು ಅರಗಿನ ಮೇಲೆ ಲೇಸರ್‌ನಿಂದ ಕೊರೆಯಬಹುದು ಎಂದು ಅನೇಕರು ಎಣಿಸುತ್ತಾರೆ. ಲೇಸರ್ ಅಂದರೆ ಬಿಸಿ, ಬಿಸಿಗೆ ಅರಗು ಕರಗುತ್ತದೆ. ಅಕ್ಷರದ ಅಂಚುಗಳು ಕದಡಿ, ಸುತ್ತ ಕಪ್ಪು ಮಸಿ ಹಿಡಿಯುತ್ತದೆ. ಸರಳ ದಾರಿ ಇನ್ನೊಂದಿದೆ. ಭರಣಿಯ ಹೊಟ್ಟೆಯ ಸುತ್ತ ಬೆರಳಗಲದ ಒಂದು ಪಟ್ಟಿಗೆ, ಇಲ್ಲವೇ ಮುಚ್ಚಳದ ನೆತ್ತಿಗೆ ಅರಗು ಹಚ್ಚದೆ ಬರಿಮರವನ್ನೇ ಬಿಡುವುದು. ಆಲೆಮರದ ಬಣ್ಣ ದಂತದ ಹಾಗೆ ತಿಳಿ. ಅದರ ಮೇಲೆ ಲೇಸರ್ ಸುಟ್ಟ ಕಂದು ಗೆರೆ ಚೆನ್ನಾಗಿ ಎದ್ದು ಕಾಣುತ್ತದೆ. ಆದರೆ ಈ ಪಟ್ಟಿಯನ್ನು ಲೇತ್ ಮೇಲೆ ಇರುವಾಗಲೇ ಬಿಡಬೇಕು. ಬಣ್ಣ ಹಚ್ಚಿ ಮುಗಿದ ಮೇಲೆ ಲೋಗೊ ಎಲ್ಲಿ ಎಂದು ಯೋಚಿಸಿದರೆ ಜಾಗ ಇರುವುದಿಲ್ಲ. ಹೀಗಾಗಿಯೇ ಅಕ್ಟೋಬರ್ 12ಕ್ಕೆ ಮೊದಲು ಲೋಗೊದ ಜಾಗ, ಅಳತೆ ಎರಡೂ ನಿಶ್ಚಯವಾಗಬೇಕು.

ಲೋಗೊ ಫೈಲು ಕೂಡ ಸಮಯ ತಿನ್ನುತ್ತದೆ. ವೆಬ್‌ಸೈಟಿನಿಂದ ಉಳಿಸಿಕೊಂಡ ಚಿತ್ರವನ್ನು ಕಳಿಸಿದರೆ ಅದನ್ನು ದೊಡ್ಡದು ಮಾಡಿದಾಗ ಅಂಚು ಒಡೆಯುತ್ತದೆ, ಲೇಸರ್‌ಗೆ ಗೆರೆ ಸಿಗುವುದಿಲ್ಲ. ಕೇಳಬೇಕಾದದ್ದು ಗೆರೆಗಳ ರೂಪದಲ್ಲಿರುವ ವೆಕ್ಟರ್ ಫೈಲು. ಅದು ಕಂಪನಿಯ ಡಿಸೈನ್ ವಿಭಾಗದ ಬಳಿ ಇದ್ದೇ ಇರುತ್ತದೆ, ಕೇಳಬೇಕಷ್ಟೆ. ಬೆರಳಗಲದ ಪಟ್ಟಿಯಲ್ಲಿ ಲೋಗೊದ ಕೆಳಗಿನ ಸಣ್ಣ ಧ್ಯೇಯವಾಕ್ಯ ಓದಲು ಬಾರದು. ಅದನ್ನು ಬಿಟ್ಟು ಗುರುತನ್ನು ಮಾತ್ರ ಹಾಕಿಸುವುದು ಲೇಸು.

ಶುಭಾಶಯದ ಕಾರ್ಡು ಕನ್ನಡದಲ್ಲಿದ್ದರೆ ಇನ್ನೊಂದು ಎಚ್ಚರ ಬೇಕು. ಒಂದು ಕಂಪ್ಯೂಟರಿನಲ್ಲಿ ನುಡಿ ಅಕ್ಷರದಲ್ಲಿ ಬರೆದದ್ದನ್ನು ಆ ಫಾಂಟ್ ಇಲ್ಲದ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರವೆಲ್ಲ ಚೆಲ್ಲಾಪಿಲ್ಲಿ. ಯೂನಿಕೋಡ್‌ನಲ್ಲಿ ಬರೆದಿದ್ದರೂ ಕೆಲವು ಡಿಸೈನ್ ಸಾಫ್ಟ್‌ವೇರ್‌ಗಳಲ್ಲಿ ಒತ್ತಕ್ಷರ ಅಡಿಗೆ ಬೀಳದೆ ಪಕ್ಕದಲ್ಲೇ ನಿಲ್ಲುತ್ತದೆ. ಕನ್ನಡ ಓದಲು ಬಾರದ ಆಪರೇಟರಿಗೆ ಅದು ತಪ್ಪೆಂದು ತಿಳಿಯುವುದಿಲ್ಲ, ಮುನ್ನೂರೂ ಹಾಗೆಯೇ ಅಚ್ಚಾಗುತ್ತವೆ. ಬರಹವನ್ನು ಗೆರೆಯ ರೂಪಕ್ಕೆ ಬದಲಿಸಿದ ಪಿಡಿಎಫ್ ಕಳಿಸಿ, ಅಚ್ಚಾದ ಮೊದಲ ಕಾರ್ಡನ್ನು ಕನ್ನಡ ಬಲ್ಲವರೊಬ್ಬರು ಕಾಗದದ ಮೇಲೆ ಓದಿ ಸಹಿ ಹಾಕಿದರೆ ಈ ಅಪಾಯ ತಪ್ಪುತ್ತದೆ. ಪ್ರತಿಯೊಬ್ಬರ ಹೆಸರನ್ನೂ ಹಾಕಿಸುವ ಆಸೆ ಇದ್ದರೆ ಅದು ಕಾರ್ಡಿನ ಮೇಲಿರಲಿ. ಪಟ್ಟಿ ಕೊಟ್ಟ ಮೇಲೆ ಸೇರಿದವರಿಗೆ ಕಾರ್ಡನ್ನು ಒಂದು ಗಂಟೆಯಲ್ಲಿ ಅಚ್ಚು ಹಾಕಬಹುದು, ಮರದಲ್ಲಿ ಕೊರೆದ ಹೆಸರನ್ನು ಬದಲಿಸಲಾಗದು.

ಬಿಲ್ಲಿನ ಲೆಕ್ಕ

ಕಚೇರಿ "ತಲಾ 735 ರೂಪಾಯಿ ಬಜೆಟ್" ಎನ್ನುತ್ತದೆ. ಕಸುಬುದಾರರು ಅದನ್ನು ತೆರಿಗೆ ಬಿಟ್ಟು ಎಂದು ತಿಳಿಯುತ್ತಾರೆ, ಕಚೇರಿ ತೆರಿಗೆ ಸೇರಿ ಎಂದುಕೊಂಡಿರುತ್ತದೆ. ನಮ್ಮ ಉದಾಹರಣೆಯಲ್ಲಿ ಡಬ್ಬಿ ಸೇರಿ ಒಂದು ಸೆಟ್ಟಿಗೆ 700 ರೂಪಾಯಿ ಎಂದಿಟ್ಟುಕೊಳ್ಳೋಣ. ಮುನ್ನೂರಕ್ಕೆ 2,10,000. ಮರದ ಕರಕುಶಲ ವಸ್ತುಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡ 12ರಿಂದ 5ಕ್ಕೆ ಇಳಿದಿದೆ. ಅದರಂತೆ ತೆರಿಗೆ 10,500, ಒಟ್ಟು 2,20,500. ತಲಾ 735 ಸರಿಹೋಯಿತು. ಗಾಡಿ ಬಾಡಿಗೆ ಯಾರದು ಎಂದು ಕೊಟೇಶನ್ನಿನಲ್ಲೇ ಬರೆದಿರಬೇಕು, ಇಲ್ಲದಿದ್ದರೆ ಅದು ಕೊನೆಯಲ್ಲಿ ಜಗಳವಾಗುತ್ತದೆ.

ಬೇರೆ ಖರೀದಿಗಳಲ್ಲಿ ಕಟ್ಟಿದ ಜಿಎಸ್‌ಟಿಯನ್ನು ಕಂಪನಿ ತನ್ನ ತೆರಿಗೆಯಲ್ಲಿ ಕಳೆದುಕೊಳ್ಳುತ್ತದೆ. ಉಡುಗೊರೆಗೆ ಆ ಅನುಕೂಲ ಇಲ್ಲ. ಜಿಎಸ್‌ಟಿ ಕಾಯ್ದೆಯ 17(5)ನೇ ಸೆಕ್ಷನ್, ಉಡುಗೊರೆಯಾಗಿ ಕೊಟ್ಟ ವಸ್ತುವಿಗೆ ಹೂಟುವಳಿ ತೆರಿಗೆಯ ಜಮೆ ಸಿಗದು ಎನ್ನುತ್ತದೆ. ಅಂದರೆ ಈ 10,500 ಕಂಪನಿಗೆ ನಿಜವಾದ ಖರ್ಚು. ಇದರಿಂದ ಇನ್ನೊಂದು ಮಾತೂ ಹೊರಡುತ್ತದೆ. ವರ್ಷದ ವಹಿವಾಟು 40 ಲಕ್ಷ ದಾಟದ ಸಣ್ಣ ಕಸುಬುದಾರರು ರಾಜ್ಯದೊಳಗೆ ಸರಕು ಮಾರಲು ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ. ಜಿಎಸ್‌ಟಿ ನಂಬರ್ ಇಲ್ಲ ಎಂಬ ಒಂದೇ ಕಾರಣಕ್ಕೆ ಇಂಥವರನ್ನು ಖರೀದಿ ವಿಭಾಗ ಬಾಗಿಲಲ್ಲೇ ತಡೆಯುತ್ತದೆ, ಆರ್ಡರ್ ನಡುವಿನ ಏಜೆನ್ಸಿಗೆ ಹೋಗುತ್ತದೆ. ಆದರೆ ಉಡುಗೊರೆಯ ಖರೀದಿಯಲ್ಲಿ ಹೇಗೂ ಜಮೆ ಸಿಗದ್ದರಿಂದ, ನೋಂದಣಿ ಇಲ್ಲದವರಿಂದ ನೇರ ಕೊಂಡರೆ ಆ ಲೆಕ್ಕದಲ್ಲಿ ಕಂಪನಿ ಕಳೆದುಕೊಳ್ಳುವುದು ಏನೂ ಇಲ್ಲ. ಎಚ್‌ಆರ್‌ನವರು ಈ ಒಂದು ಅಂಶವನ್ನು ಫೈನಾನ್ಸ್‌ನವರ ಮುಂದಿಟ್ಟು ಕೇಳುವುದು ಯೋಗ್ಯ.

ಡಬ್ಬಿಗೆ ಇನ್ನೇನಾದರೂ ಸೇರಿಸುವಾಗ ಎಚ್ಚರ ಬೇಕು. 600 ರೂಪಾಯಿಯ ಪವರ್ ಬ್ಯಾಂಕನ್ನೂ ಇಟ್ಟು ಒಟ್ಟು ಸೆಟ್ಟಿಗೆ 1,300 ಎಂದು ಒಂದೇ ಬೆಲೆ ಹಾಕಿದಿರಿ ಎಂದುಕೊಳ್ಳಿ. ಪವರ್ ಬ್ಯಾಂಕಿನ ತೆರಿಗೆ ಶೇಕಡ 18. ಬೇರೆ ಬೇರೆ ವಸ್ತುಗಳನ್ನು ಕೂಡಿಸಿ ಒಂದೇ ಬೆಲೆಗೆ ಕೊಟ್ಟರೆ ಅದು ಮಿಶ್ರ ಸರಬರಾಜು. ಅದರಲ್ಲಿ ಅತಿ ಹೆಚ್ಚು ದರ ಯಾವುದೋ ಅದೇ ಇಡೀ ಡಬ್ಬಿಗೆ ಬೀಳುತ್ತದೆ. ಆಗ ತಲಾ ತೆರಿಗೆ 234. ಎರಡನ್ನೂ ಬೇರೆ ಬೇರೆಯಾಗಿ ಕೊಂಡಿದ್ದರೆ 35 ಮತ್ತು 108 ಸೇರಿ 143. ಮುನ್ನೂರು ಡಬ್ಬಿಗೆ ವ್ಯತ್ಯಾಸ 27,300 ರೂಪಾಯಿ. ಮರದ ಸೆಟ್ಟು ಒಬ್ಬರಿಂದ, ಪವರ್ ಬ್ಯಾಂಕು ಇನ್ನೊಬ್ಬರಿಂದ ಕೊಂಡು ಕಚೇರಿಯಲ್ಲೇ ಒಟ್ಟಿಗೆ ಕೊಡುವುದು ಇದಕ್ಕೆ ನೇರ ದಾರಿ.

ಬಿಲ್ಲಿನ ಕಾಗದಗಳಲ್ಲೂ ಒಂದು ಕ್ರಮವಿದೆ. ಅಡ್ವಾನ್ಸ್ ಕೇಳುವಾಗ ಕೊಡುವುದು ಪ್ರೊಫಾರ್ಮ ಇನ್‌ವಾಯ್ಸ್, ಅದು ತೆರಿಗೆ ಬಿಲ್ ಅಲ್ಲ. ಮಾಲು ಹೊರಡುವಾಗ ಟ್ಯಾಕ್ಸ್ ಇನ್‌ವಾಯ್ಸ್. ಮಾಲಿನ ಮೌಲ್ಯ 50,000 ದಾಟುವುದರಿಂದ ಅದರ ಜೊತೆ ಇ-ವೇ ಬಿಲ್. ಇನ್‌ವಾಯ್ಸಿನ ಮೇಲೆ ಪಿಒ ನಂಬರ್, ಎಚ್‌ಎಸ್‌ಎನ್ ಕೋಡ್, ಕಂಪನಿಯ ಸರಿಯಾದ ಹೆಸರು ಮತ್ತು ಜಿಎಸ್‌ಟಿ ನಂಬರ್ ಇರಬೇಕು. ಹಲವು ಊರುಗಳಲ್ಲಿ ಕಚೇರಿ ಇರುವ ಕಂಪನಿಗೆ ರಾಜ್ಯಕ್ಕೊಂದು ನಂಬರ್ ಇರುತ್ತದೆ. ಬಿಲ್ಲು ಯಾವುದರ ಹೆಸರಿಗೆ ಎಂದು ಪಿಒದಲ್ಲೇ ಕೇಳಿ ಬರೆಸಿಕೊಳ್ಳಬೇಕು. ಪಿಒದಲ್ಲಿ 300, ಬಿಲ್ಲಿನಲ್ಲಿ ಹೆಚ್ಚುವರಿ ಐದು ಸೇರಿ 305, ಕಚೇರಿ ಮಾಲು ಬಂದಿದೆ ಎಂದು ನಮೂದಿಸಿದ್ದು 300. ಮೂರೂ ಒಂದೇ ಆಗದಿದ್ದರೆ ಕಂಪ್ಯೂಟರ್ ಬಿಲ್ಲನ್ನು ತಡೆಯುತ್ತದೆ. ಯಾರೂ ಬೇಕೆಂದು ತಡೆದಿರುವುದಿಲ್ಲ, ಯಾರೂ ಬಿಡಿಸುವುದೂ ಇಲ್ಲ.

ಡಬ್ಬಿ ಹೊರಟ ಮೇಲೆ

ಅರಗಿನ ವಸ್ತುವಿಗೆ ನೇರವಾಗಿ ಬಬಲ್ ಶೀಟು ಸುತ್ತಬಾರದು. ಬಿಸಿಲಿನಲ್ಲಿ ನಿಂತ ಗಾಡಿಯೊಳಗೆ ಅರಗು ಮೆತ್ತಗಾಗಿ ಗುಳ್ಳೆಯ ಗುರುತುಗಳೆಲ್ಲ ಅದರ ಮೇಲೆ ಮೂಡುತ್ತವೆ. ಮೊದಲು ತೆಳು ಟಿಶ್ಯೂ ಕಾಗದ, ಆಮೇಲೆ ಬಬಲ್ ಶೀಟು. ಟೆಕ್ ಪಾರ್ಕಿಗೆ ಮಾಲು ಹೋಗುವುದಾದರೆ ಗಾಡಿ ನಂಬರ್, ಡ್ರೈವರ್ ಹೆಸರು, ಇಳಿಸುವ ಹೊತ್ತು ಮುಂಚೆಯೇ ಗೇಟಿಗೆ ತಿಳಿಸಿರಬೇಕು. ಇಲ್ಲದಿದ್ದರೆ ಬೆಳಿಗ್ಗೆ ತಲುಪಿದ ಗಾಡಿ ಸಂಜೆವರೆಗೆ ಹೊರಗೇ ನಿಲ್ಲುತ್ತದೆ, ಅದರೊಳಗೆ ಮುನ್ನೂರು ಡಬ್ಬಿ ಬಿಸಿಲಿಗೆ ಕಾಯುತ್ತಿರುತ್ತವೆ.

ಮನೆಯಿಂದಲೇ ಕೆಲಸ ಮಾಡುವವರಿಗೆ ಕೊರಿಯರ್ ಮಾಡುವುದಿದ್ದರೆ ಡಬ್ಬಿಯ ಅಳತೆಯನ್ನು ಮೊದಲೇ ನೋಡಬೇಕು. ಕೊರಿಯರ್‌ನವರು ಬರಿಯ ತೂಕವನ್ನು ನೋಡುವುದಿಲ್ಲ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ, ಬಂದದ್ದು ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ದರ. ಅರ್ಧ ಕೆ.ಜಿ.ಗೆ ಒಂದು ಹಂತ. 25, 20, 12 ಸೆಂ.ಮೀ. ಡಬ್ಬಿಗೆ 1.2 ಕೆ.ಜಿ. ಬರುತ್ತದೆ, ಒಂದೂವರೆ ಕೆ.ಜಿ.ಯ ದರ ಬೀಳುತ್ತದೆ. ಎತ್ತರ 10ಕ್ಕೆ ಇಳಿಸಿದರೆ ಸರಿಯಾಗಿ ಒಂದು ಕೆ.ಜಿ. ಎರಡು ಸೆಂಟಿಮೀಟರು ಕಡಿಮೆ ಮಾಡುವ ಈ ತೀರ್ಮಾನವನ್ನು ಡಬ್ಬಿ ಕತ್ತರಿಸುವ ಮೊದಲು ಮಾತ್ರ ತೆಗೆದುಕೊಳ್ಳಬಹುದು. ವಿಳಾಸದ ಪಟ್ಟಿಯಲ್ಲಿ ಪಿನ್‌ಕೋಡ್, ಫೋನ್ ನಂಬರ್ ಎರಡೂ ಇರಲಿ. ಫೋನ್ ಎತ್ತದ ಮನೆಯ ಡಬ್ಬಿ ಹಬ್ಬ ಮುಗಿದ ಮೇಲೆ ವಾಪಸ್ ಬರುತ್ತದೆ, ವಾಪಸ್ ಬಂದದ್ದಕ್ಕೂ ಬಾಡಿಗೆ ಕೊಡಬೇಕು.

ನಲವತ್ತೈದು ದಿನದ ನಿಯಮ

ನವೆಂಬರ್ 3ರಂದು ಮಾಲು ಒಪ್ಪಿಸಿದ್ದಾಯಿತು. ಉಳಿದರ್ಧ ದುಡ್ಡು ಯಾವಾಗ ಬರಬೇಕು? ಎಂಎಸ್‌ಎಂಇ ಕಾಯ್ದೆ, 2006ರ ಪ್ರಕಾರ, ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಇಲ್ಲವೇ ಸಣ್ಣ ತಯಾರಕರಿಗೆ, ಬರಹದಲ್ಲಿ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ, ಇದ್ದರೂ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ನಮ್ಮ ಆರ್ಡರಿಗೆ ಆ ಕೊನೆಯ ತಾರೀಖು ಡಿಸೆಂಬರ್ 18. ಪಿಒದಲ್ಲಿ 60 ಇಲ್ಲವೇ 90 ದಿನ ಎಂದು ಅಚ್ಚಾಗಿದ್ದರೂ ಕಾನೂನಿನ ಮಿತಿ 45ಕ್ಕೇ ನಿಲ್ಲುತ್ತದೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳುವ ಹಕ್ಕಿದೆ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆ ಕಾನೂನೂ ಇದರ ಬೆನ್ನಿಗೆ ನಿಂತಿದೆ: ಅವಧಿಯೊಳಗೆ ಕೊಡದ ಮೊತ್ತವನ್ನು ಕಂಪನಿ ಖರ್ಚೆಂದು ತೋರಿಸುವಂತಿಲ್ಲ, ನಿಜವಾಗಿ ಕೊಟ್ಟ ವರ್ಷದಲ್ಲಷ್ಟೇ ತೋರಿಸಬಹುದು. ಈ ರಕ್ಷಣೆ ತಯಾರಿಸುವವರಿಗೆ, ಬರಿ ಕೊಂಡು ಮಾರುವವರಿಗೆ ಅಲ್ಲ. ಆದ್ದರಿಂದ ಇನ್‌ವಾಯ್ಸಿನ ಮೇಲೆ ಉದ್ಯಮ್ ನಂಬರನ್ನು ಅಚ್ಚು ಹಾಕಿಸುವುದು ಕಸುಬುದಾರರು ಮರೆಯಬಾರದ ಕೆಲಸ.

ಇದನ್ನು ಕಾನೂನಿಗೆ ಹೆದರಿ ಪಾಲಿಸಬೇಕಾದ ನಿಯಮ ಎಂದಷ್ಟೇ ನಾನು ಕಾಣುವುದಿಲ್ಲ. ಆಲೆಮರ ಕೊಂಡ ಕೂಡಲೇ ಲೇತ್‌ಗೆ ಏರುವುದಿಲ್ಲ. ಮಳೆಗಾಲಕ್ಕೆ ಮೊದಲು ಒಣಗಿ ಸಿದ್ಧವಾಗಬೇಕಾದರೆ ವರ್ಷದ ಆರಂಭದ ತಿಂಗಳುಗಳಲ್ಲೇ ಕೊಂಡು ಕತ್ತರಿಸಿ ಪೇರಿಸಿಡಬೇಕು. ದೀಪಾವಳಿಯ ಬಿಲ್ಲಿನ ದುಡ್ಡು ಡಿಸೆಂಬರ್‌ನಲ್ಲಿ ಕೈಗೆ ಬಂದರೆ ಅದು ಜನವರಿಯಲ್ಲಿ ಮರವಾಗುತ್ತದೆ. ಮಾರ್ಚ್‌ವರೆಗೆ ಎಳೆದರೆ ಮರ ತಡವಾಗಿ ಬಂದು, ಮಳೆಯ ತೇವದಲ್ಲಿ ಅರೆಬರೆ ಒಣಗಿ, ಮುಂದಿನ ಅಕ್ಟೋಬರ್‌ನಲ್ಲಿ ಸೀಳುಬಿಡುವ ಭರಣಿಯಾಗುತ್ತದೆ. ಬರುವ ವರ್ಷದ ಉಡುಗೊರೆ ಚೆನ್ನಾಗಿರಬೇಕೆಂದು ಬಯಸುವ ಕಚೇರಿ ಮೊದಲು ಮಾಡಬೇಕಾದದ್ದು ಈ ವರ್ಷದ ಬಿಲ್ಲನ್ನು ಡಿಸೆಂಬರ್ ದಾಟಿಸದೆ ಪಾವತಿ ಮಾಡುವುದು.